ಇಪ್ಪತ್ತು ಲೀಟರ್ ಬಕೆಟ್ಟಿಗೆ ದುಡ್ಡು ಕೊಡೋ ಮೊದಲು

"ಎಲ್ಲರಿಗೂ ನಮಸ್ಕಾರ. ನಮ್ಮಲ್ಲಿ ಒಂದು ಡೀಸೆಲ್ ಟಿಲ್ಲರ್, ಎರಡು ಬ್ರಶ್ ಕಟ್ಟರ್ ಇದೆ, ಒಂದು 2 ಸ್ಟ್ರೋಕ್, ಇನ್ನೊಂದು 4 ಸ್ಟ್ರೋಕ್. ಆಯಿಲ್ ಲೀಟರಿಗೆ 350 ಆಗ್ತಿದೆ. ಪೇಟೆಯಲ್ಲಿ ಒಬ್ಬರು 20 ಲೀಟರ್ ಬಕೆಟ್ 4,800ಕ್ಕೆ ಕೊಡ್ತೀನಿ, ಎಲ್ಲ ಮೆಷಿನ್ನಿಗೂ ನಡೆಯುತ್ತೆ ಅಂತಾರೆ. ಸೀಲ್ ಇದೆ. ತಗೊಳ್ಳಲಾ? ಡೂಪ್ಲಿಕೇಟ್ ಆದ್ರೆ ಹೇಗೆ ಗೊತ್ತಾಗುತ್ತೆ ಅಣ್ಣ?"

ತಗೊಳ್ಬೇಡ ಮಾರಾಯಾ. ಗದ್ದೆ ಹೂಟಿ ಹತ್ತಿರ ಬಂದಾಗ, ಕೈಯಲ್ಲಿ ದುಡ್ಡು ಬಿಗಿ ಇದ್ದಾಗ, ಇದೇ ಮಾತಿಗೆ ತಲೆ ಆಡಿಸಿ ನಾನೂ ಒಂದು ಬಕೆಟ್ ಮನೆಗೆ ತಂದಿದ್ದೆ. ಆರು ವರ್ಷ ಆಯ್ತು. ಆ ಬಕೆಟ್ ಈಗಲೂ ಕೊಟ್ಟಿಗೆಯಲ್ಲಿದೆ, ಹಿಂಡಿ ನೆನೆಸೋಕೆ ಬಳಸ್ತೇವೆ. ಅದು ನನ್ನ ಜೀವಮಾನದ ಅತಿ ದುಬಾರಿ ಬಕೆಟ್.

ಮೊದಲು ಲೆಕ್ಕ. ಅಂಗಡಿಯವ ನಿನಗೆ ತೋರಿಸ್ತಿರೋದು ಒಂದು ಲೀಟರ್ ಬಾಟಲಿಗೂ ಬಕೆಟ್ಟಿಗೂ ಇರುವ ವ್ಯತ್ಯಾಸ, 350ಕ್ಕೆ 240. ನಡುವೆ 5 ಲೀಟರ್ ಕ್ಯಾನ್ ಒಂದಿದೆ ಅನ್ನೋದನ್ನ ಅವನು ಹೇಳೋದೇ ಇಲ್ಲ. ನಮ್ಮ ಕಡೆ ಟಿಲ್ಲರಿಗೆ ಹಾಕೋ 15ಡಬ್ಲ್ಯೂ40 ದರ್ಜೆಯ ಆಯಿಲ್ ಹೋದ ತಿಂಗಳು ನಾನು 5 ಲೀಟರ್ ಕ್ಯಾನ್ 1,550ಕ್ಕೆ ತಂದೆ, ಲೀಟರಿಗೆ 310 ಬಿತ್ತು. ಅದೇ ಅಂಗಡಿಯಲ್ಲಿ ಅದೇ ಆಯಿಲ್ಲಿನ ಬಕೆಟ್ 5,600, ಅಂದ್ರೆ 280. ನಿಮ್ಮೂರಲ್ಲಿ ಹತ್ತಿಪ್ಪತ್ತು ಹೆಚ್ಚುಕಮ್ಮಿ ಇರಬಹುದು. ನಿನ್ನ ಟಿಲ್ಲರಿಗೆ ಒಂದು ಸಲಕ್ಕೆ ಸುಮಾರು ಎರಡೂವರೆ ಲೀಟರ್ ಹಿಡಿಯುತ್ತೆ, ವರ್ಷಕ್ಕೆ ಮೂರು ಸಲ ಬದಲಾಯಿಸಿದ್ರೂ ಏಳೂವರೆ ಲೀಟರ್. ಕ್ಯಾನ್ ಬಿಟ್ಟು ಅಸಲಿ ಬಕೆಟ್ ತಂದ್ರೆ ವರ್ಷಕ್ಕೆ ಉಳಿಯೋದು 225 ರೂಪಾಯಿ. ಅದಕ್ಕಾಗಿ ಹತ್ತಿರಹತ್ತಿರ ಮೂರು ವರ್ಷದ ಆಯಿಲ್ ಒಟ್ಟಿಗೆ ತಂದು, ಬಾಯಿ ತೆರೆದ ಬಕೆಟ್ಟನ್ನ ಮಳೆಗಾಲದ ಥಂಡಿಯಲ್ಲಿ ಇಟ್ಕೊಂಡು ಕೂರಬೇಕು.

ನಿನ್ನ ಪೋಸ್ಟಿನ ಕೆಳಗೆ ಟ್ರ್ಯಾಕ್ಟರ್ ಇಟ್ಟಿರೋ ಅಣ್ಣ ಒಬ್ಬರು "ಇಪ್ಪತ್ತು ವರ್ಷದಿಂದ ಬಕೆಟ್ಟೇ ತರೋದು, ಏನೂ ಆಗಿಲ್ಲ" ಅಂದಿದ್ದಾರೆ. ಅವರ ಮಟ್ಟಿಗೆ ಸರಿ. ಮೂರು ಟ್ರ್ಯಾಕ್ಟರ್ ಬಾಡಿಗೆಗೆ ಓಡಿಸೋರಿಗೆ ಬಕೆಟ್ ಒಂದು ಸೀಸನ್ನಿಗೂ ಸಾಲೋದಿಲ್ಲ, ಒಂದೇ ಡೀಲರ್ ಹತ್ತಿರ ವರ್ಷಗಟ್ಟಲೆ ವ್ಯವಹಾರ ಬೇರೆ. ನಿನ್ನ ಒಂದು ಟಿಲ್ಲರಿಗೆ ಆ ಮಾತು ಹೊಂದೋದಿಲ್ಲ.

ಈಗ ಆ 4,800ರ ವಿಷಯ. ಎಂಆರ್‌ಪಿಗಿಂತ ಕಮ್ಮಿಗೆ ಕೊಟ್ಟ ಅಂತ ಅನುಮಾನ ಪಡಬೇಡ. ಬಕೆಟ್ ಮೇಲೆ ಎಂಆರ್‌ಪಿ ಯಾವಾಗಲೂ ಏರಿಸಿಯೇ ಹಾಕಿರ್ತಾರೆ, ಅಸಲಿ ಡೀಲರೂ ಸಾವಿರ ರೂಪಾಯಿ ಬಿಟ್ಟು ಕೊಡ್ತಾನೆ. ನೋಡಬೇಕಾದ್ದು ಸುತ್ತಲಿನ ಎರಡು ಮೂರು ಅಂಗಡಿಯ ಮಾರುವ ಬೆಲೆ. ಎಲ್ಲರೂ 5,500, 5,600 ಅನ್ನುವಾಗ ಒಬ್ಬ ಮಾತ್ರ 800 ಕೆಳಗೆ ಇಳಿದ್ರೆ, ಅವನು ತನ್ನ ಲಾಭ ಬಿಟ್ಟು ಕೊಡ್ತಿದ್ದಾನೆ ಅಂತ ನಾನು ನಂಬೋದಿಲ್ಲ. ಜಿಎಸ್‌ಟಿ ಬಿಲ್ಲು ಕೇಳು, ಅದರಲ್ಲಿ ಬ್ಯಾಚ್ ನಂಬರ್ ಬರೆದುಕೊಡು ಅನ್ನು. ನನ್ನ ಬಕೆಟ್ಟಿನವನಿಗೆ ನಾನು ಬಿಲ್ಲು ಕೇಳಿದಾಗ "ಬಿಲ್ಲು ಬೇಕಾದ್ರೆ ರೇಟ್ ಬೇರೆ" ಅಂದಿದ್ದ. ಅಲ್ಲೇ ಎದ್ದು ಬರಬೇಕಿತ್ತು. ಬರಲಿಲ್ಲ, ಬುದ್ಧಿ ಇರಲಿಲ್ಲ.

ನನ್ನ ಬಕೆಟ್ಟಿಗೂ ಸೀಲ್ ಇತ್ತು ಗೊತ್ತಾ? ಮುಚ್ಚಳದ ಸುತ್ತ ಕಿತ್ತು ತೆಗೆಯೋ ಪಟ್ಟಿ ಹೊಸದಾಗೇ ಇತ್ತು. ಹೊಸ ಮುಚ್ಚಳ ಹಾಕಿ ಒತ್ತಿದ್ರೆ ಪಟ್ಟಿ ಹೊಸದಾಗೇ ಇರುತ್ತೆ, ಅದರಲ್ಲೇನು. ಆಯಿಲ್ ಸುರಿಯೋ ಮೂತಿಯನ್ನ ಮೇಲೆಳೆದು ನೋಡಿದ್ರೆ ಒಳಗೆ ಎಳೆದು ಕೀಳೋ ಸೀಲ್ ಇರಲಿಲ್ಲ. ಕೇಳಿದ್ದಕ್ಕೆ "ಈಗ ಕಂಪನಿಯವರೇ ಹಂಗೆ ಕಳಿಸ್ತಾರೆ" ಅಂದ. ಮೂವತ್ತು ಗಂಟೆ ಉಳುಮೆ ಆಗಿತ್ತೋ ಇಲ್ಲವೋ, ಎಂಜಿನ್ನಿಂದ ಟಕಟಕ ಶುರುವಾಯ್ತು, ಹೊಗೆಯೂ ಬಂತು. ಬಿಚ್ಚಿ ನೋಡಿದ್ರೆ ಕನೆಕ್ಟಿಂಗ್ ರಾಡಿನ ಬೇರಿಂಗ್ ಉಜ್ಜಿ ತಾಮ್ರ ಕಾಣ್ತಿತ್ತು, ಕ್ರಾಂಕಿಗೂ ಗೀರು. ಹದಿನೆಂಟು ಸಾವಿರ ಚಿಲ್ಲರೆ ಹೋಯ್ತು, ಮೇಲೆ ಹತ್ತು ದಿನ ಬಾಡಿಗೆ ಟಿಲ್ಲರ್. ಮೆಕ್ಯಾನಿಕ್ ಆಯಿಲ್ಲೇ ಕಾರಣ ಅಂದ. ಅಂಗಡಿಯವ "ಲೆವೆಲ್ ನೋಡದೆ ಓಡಿಸಿದ್ದೀರಿ" ಅಂದ. ನಿಜ ಹೇಳ್ಬೇಕಂದ್ರೆ ಆ ವಾರ ನಾನು ಡಿಪ್‌ಸ್ಟಿಕ್ ಎತ್ತಿ ನೋಡಿದ್ದು ಒಂದೇ ಸಲ. ಹಾಗಾಗಿ ನೂರಕ್ಕೆ ನೂರು ಆಯಿಲ್ ಅಂತ ಇವತ್ತಿಗೂ ಪ್ರಮಾಣ ಮಾಡಲಾರೆ.

ಆದ್ರೆ ಬಕೆಟ್ ಮಾತ್ರ ನಕಲಿ ಅಂತ ಗೊತ್ತಾಯ್ತು. ಹೇಗೆ ಅಂದ್ರೆ, ಅದನ್ನ ತಲೆಕೆಳಗು ಮಾಡಿದಾಗ. ಇದನ್ನ ಯಾರೂ ನೋಡೋದಿಲ್ಲ, ಗಮನ ಇಟ್ಟು ಓದು. ಬಹಳಷ್ಟು ಬಕೆಟ್, ಕ್ಯಾನ್, ಬಾಟಲಿಗಳ ತಳದಲ್ಲಿ ಗಡಿಯಾರದ ಹಾಗೆ ಒಂದು ಸಣ್ಣ ಉಬ್ಬು ಗುರುತು ಇರುತ್ತೆ. ಸುತ್ತ 1ರಿಂದ 12, ನಡುವೆ ವರ್ಷದ ಎರಡು ಅಂಕಿ ಮತ್ತು ಒಂದು ಬಾಣ. ಆ ಪ್ಲಾಸ್ಟಿಕ್ ಅಚ್ಚಿನಿಂದ ಹೊರಬಿದ್ದ ತಿಂಗಳು ಅದು. ಪಕ್ಕದಲ್ಲಿ ಅಥವಾ ಮೈಮೇಲೆ ಆಯಿಲ್ ತುಂಬಿದ ತಿಂಗಳು ಬೇರೆಯಾಗಿ ಮುದ್ರಿಸಿರುತ್ತೆ. ಬಕೆಟ್ ಮಾಡಿ ಕೆಲವು ತಿಂಗಳೊಳಗೆ ತುಂಬೋದು ವಾಡಿಕೆ. ನನ್ನದರಲ್ಲಿ ಅಚ್ಚಿನ ವರ್ಷಕ್ಕೂ ಪ್ಯಾಕ್ ಮಾಡಿದ ವರ್ಷಕ್ಕೂ ನಾಲ್ಕು ವರ್ಷ ಅಂತರ! ಅಂದ್ರೆ ಯಾರದೋ ಗ್ಯಾರೇಜಲ್ಲಿ ಖಾಲಿಯಾದ ಅಸಲಿ ಬಕೆಟ್ ಗುಜರಿಗೆ ಹೋಗಿ, ತೊಳೆಸ್ಕೊಂಡು, ಮತ್ತೆ ತುಂಬಿಸ್ಕೊಂಡು ಬಂದಿದೆ. ಪ್ಯಾಕ್ ಮಾಡಿದ ತಿಂಗಳಿಗಿಂತ ಅಚ್ಚಿನ ತಿಂಗಳು ಆಮೇಲಿನದ್ದಾಗಿದ್ರಂತೂ ಕೇಳೋದೇ ಬೇಡ. ಆಮೇಲೆ ನೋಡಿದ್ರೆ ಹಿಡಿಕೆಯ ಪ್ಲಾಸ್ಟಿಕ್ ಸವೆದಿತ್ತು, ತಳದ ಅಂಚಲ್ಲಿ ಎಳೆದಾಡಿದ ಗೀರು. ಹೊಸ ಬಕೆಟ್ಟಿಗೆ ಅಷ್ಟು ಗೀರು ಎಲ್ಲಿಂದ ಬರುತ್ತೆ? ಎಲ್ಲ ಡಬ್ಬಿಯಲ್ಲೂ ಈ ಗಡಿಯಾರ ಇರೋದಿಲ್ಲ, ಇಲ್ಲ ಅಂದ ಮಾತ್ರಕ್ಕೆ ನಕಲಿ ಅಲ್ಲ. ಆದ್ರೆ ಇದ್ದಾಗ ಇದರಷ್ಟು ನೇರವಾಗಿ ಹೇಳೋದು ಬೇರೊಂದಿಲ್ಲ.

ಸಣ್ಣ ಬಾಟಲಿಗಳಲ್ಲಿ ಮುಚ್ಚಳ ತಿರುಗಿಸಿದಾಗ ಕೆಳಗಿನ ಉಂಗುರ ಚಟ್ ಅಂತ ಹರಿದು ಬಾಟಲಿಯಲ್ಲೇ ಉಳೀಬೇಕು. ಅದರೊಳಗೆ ಬಾಯಿಗೆ ಅಂಟಿದ ಅಲ್ಯೂಮಿನಿಯಂ ಹಾಳೆ ಸಮವಾಗಿ ಅಂಟಿರಬೇಕು, ಅಂಚಿನಲ್ಲಿ ಗೋಂದು ಕಾಣಬಾರದು. ಬ್ಯಾಚ್ ನಂಬರನ್ನ ಬೆರಳಿಗೆ ಸ್ವಲ್ಪ ಪೆಟ್ರೋಲ್ ಹಚ್ಚಿ ಉಜ್ಜಿ ನೋಡೋ ಅಭ್ಯಾಸ ಕೆಲವರಿಗಿದೆ. ಅದು ಬೇಡ, ಅಸಲಿಯಲ್ಲೂ ಇಂಕ್ ಅಳಿಸುತ್ತೆ. ಅದರ ಬದಲು ಅಂಗಡಿಯಲ್ಲಿ ಪೂರ್ತಿ ರಟ್ಟಿನ ಪೆಟ್ಟಿಗೆ ತರಿಸಿ, ಪೆಟ್ಟಿಗೆ ಮೇಲಿನ ಬ್ಯಾಚೂ ಬಾಟಲಿ ಮೇಲಿನ ಬ್ಯಾಚೂ ಒಂದೇನಾ ನೋಡು. ಕ್ಯೂಆರ್ ಸ್ಕ್ಯಾನ್ ಮಾಡಿದ್ರೆ ಕಂಪನಿ ಪೇಜ್ ಬಂತು, ಅಸಲಿ ಅಂತ ಒಬ್ಬರು ಬರೆದಿದ್ದಾರಲ್ಲ, ಅದು ಅರ್ಧ ಸತ್ಯ. ಒಂದು ಅಸಲಿ ಕ್ಯೂಆರ್ ಫೋಟೋ ತೆಗೆದು ಸಾವಿರ ಸ್ಟಿಕ್ಕರ್ ಹೊಡೆದ್ರೂ ಅದೇ ಪೇಜೇ ಬರೋದು. ಕೆರೆದು ಓದೋ ಗುಪ್ತ ನಂಬರ್ ಇದ್ರೆ, ಅದು ಮೊದಲ ಸಲ ಅಂತ ತೋರಿಸಿದ್ರೆ ಆಗ ಸ್ವಲ್ಪ ನಂಬಬಹುದು.

ಅಸಲಿಯೋ ನಕಲಿಯೋ ತಿಳಿಯೋಕೆ ಆಯಿಲ್ಲಿನ ಬಣ್ಣ ನೋಡಿ ಅಂತ ಮೇಷ್ಟ್ರೊಬ್ಬರು ಬರೆದಿದ್ದಾರೆ. ಕ್ಷಮಿಸಿ ಮೇಷ್ಟ್ರೇ, ಬಣ್ಣ ಹಾಕೋದು ಎಲ್ಲಕ್ಕಿಂತ ಸುಲಭ. ಡೀಸೆಲ್ ಎಂಜಿನ್ನಲ್ಲಿ ಅಸಲಿ ಆಯಿಲ್ಲೂ ಬೇಗ ಕಪ್ಪಾಗುತ್ತೆ, ಮಸಿ ಹಿಡಿದಿಟ್ಟುಕೊಳ್ಳೋದೇ ಅದರ ಕೆಲಸ. ಮನೆಯಲ್ಲಿ ಮಾಡಬಹುದಾದ್ದು ಎರಡೇ. ಗೊತ್ತಿರೋ ಅಸಲಿ ಆಯಿಲ್ಲನ್ನೂ ಅನುಮಾನದ್ದನ್ನೂ ಒಂದೇ ಥರದ ಎರಡು ಗಾಜಿನ ಬಾಟಲಿಗೆ ಒಂದೇ ಮಟ್ಟಕ್ಕೆ ತುಂಬಿ, ಸ್ವಲ್ಪ ಗಾಳಿಗೆ ಜಾಗ ಬಿಟ್ಟು, ಒಟ್ಟಿಗೆ ತಲೆಕೆಳಗು ಮಾಡು. ಗುಳ್ಳೆ ಯಾವುದರಲ್ಲಿ ಬೇಗ ಮೇಲೇಳುತ್ತೋ ಅದು ತೆಳು. ಇನ್ನೊಂದು, ಬಿಸಿ ತವಾ ಮೇಲೆ ಒಂದು ಹನಿ, ಚಟಪಟ ಅಂದ್ರೆ ನೀರಿದೆ. ಈ ಎರಡರಲ್ಲಿ ಪಾಸಾದ್ರೂ ಎಂಜಿನ್ ಸವೆಯದ ಹಾಗೆ ಕಾಯೋಕೆ ಆಯಿಲ್ಲಿಗೆ ಬೆರೆಸೋ ಅಡಿಟಿವ್ ಇದೆಯೋ ಇಲ್ಲವೋ ನಮಗೆ ಕಾಣೋದಿಲ್ಲ, ಅದಕ್ಕೇ ಎಲ್ಲಿ ಕೊಂಡೆವು ಅನ್ನೋದು ಮುಖ್ಯ. ನಾನು ಈಗ ಬಂಕಿಗೇ ಹೋಗ್ತೇನೆ. ಇಂಡಿಯನ್ ಆಯಿಲ್ ಬಂಕಲ್ಲಿ ಸರ್ವೋ, ಭಾರತ್ ಬಂಕಲ್ಲಿ ಮ್ಯಾಕ್, ಎಚ್‌ಪಿಯಲ್ಲಿ ಅವರದ್ದೇ. ಟಿವಿಯಲ್ಲಿ ಕ್ರಿಕೆಟ್ಟಿಗರು ಹಿಡಿದು ನಿಲ್ಲೋ ಬಾಟಲಿಯಷ್ಟು ಚಂದ ಇರಲಿಕ್ಕಿಲ್ಲ, ನನ್ನ ಟಿಲ್ಲರಿಗೆ ಇದೇ ಧಾರಾಳ.

"ಎಲ್ಲ ಮೆಷಿನ್ನಿಗೂ ನಡೆಯುತ್ತೆ" ಅಂದನಲ್ಲ, ಅದಕ್ಕೆ ಮಾತ್ರ ಸಿಟ್ಟು ಬರುತ್ತೆ. ಟಿಲ್ಲರ್ ಆಯಿಲ್ಲನ್ನ 2 ಸ್ಟ್ರೋಕ್ ಪೆಟ್ರೋಲಿಗೆ ಬೆರೆಸಬೇಡ. ಅದು ಉರಿದು ಬೂದಿ ಬಿಡುತ್ತೆ, ಪ್ಲಗ್ ಕಟ್ಟುತ್ತೆ, ಸೈಲೆನ್ಸರ್ ಬಾಯಿ ಮುಚ್ಚುತ್ತೆ. 2 ಸ್ಟ್ರೋಕಿಗೆ ಅಂತಲೇ ಬರೋ 2ಟಿ ಆಯಿಲ್ ಬಾಟಲಿ ಬೇರೆಯೇ ತಗೋ, ಜಾಸೋ ಎಫ್‌ಡಿ ಅಂತ ಬರೆದದ್ದು. ಮೆಷಿನ್ನಿನ ಪುಸ್ತಕದಲ್ಲಿ ಪೆಟ್ರೋಲ್ 50ಕ್ಕೆ ಆಯಿಲ್ 1 ಅಂತ ಇದ್ರೆ ಲೀಟರ್ ಪೆಟ್ರೋಲಿಗೆ 20 ಎಂಎಲ್, 25ಕ್ಕೆ 1 ಇದ್ರೆ 40. ವರ್ಷಕ್ಕೆ ಐವತ್ತು ಲೀಟರ್ ಪೆಟ್ರೋಲ್ ಕುಡಿಸಿದ್ರೂ 50ಕ್ಕೆ 1ರ ಲೆಕ್ಕದಲ್ಲಿ ಒಂದೇ ಲೀಟರ್. ಬೆರೆಸಿದ್ದನ್ನ ತಿಂಗಳಿಗಿಂತ ಹೆಚ್ಚು ಇಡಬೇಡ, ಈಗಿನ ಎಥನಾಲ್ ಪೆಟ್ರೋಲ್ ಥಂಡಿ ಎಳೆಯುತ್ತೆ. 4 ಸ್ಟ್ರೋಕಿಂದು ಹೋಂಡಾ ಜಿಎಕ್ಸ್35 ಎಂಜಿನ್ ಆದ್ರೆ ಹಿಡಿಯೋದೇ 100 ಎಂಎಲ್. ಒಂದು ಬಾಟಲಿ 10ಡಬ್ಲ್ಯೂ30 ತಂದ್ರೆ ಎಂಟು ಹತ್ತು ಸಲಕ್ಕಾಯ್ತು. ಆ ಬಾಟಲಿ ಕೊಳ್ಳುವಾಗ ಕಣ್ಣು ಬಿಟ್ಟು ನೋಡು, ಬೈಕ್ ಆಯಿಲ್ಲಲ್ಲಿ ಲೀಟರ್ ಅಂತ ಎತ್ತಿಕೊಂಡದ್ದು 900 ಅಥವಾ 800 ಎಂಎಲ್ ಇರುತ್ತೆ. 900 ಎಂಎಲ್ 400 ರೂಪಾಯಿ ಅಂದ್ರೆ ಲೀಟರಿಗೆ 444 ಆಯ್ತು. ಲೇಬಲ್ ಮೇಲೆ ಯೂನಿಟ್ ದರ ಹಾಕಿರ್ತಾರೆ, ಆದ್ರೆ ಸಣ್ಣ ಬಾಟಲಿಗೆ ಎಂಎಲ್ ಲೆಕ್ಕ, ದೊಡ್ಡ ಡಬ್ಬಿಗೆ ಲೀಟರ್ ಲೆಕ್ಕ. ಸಾವಿರದಿಂದ ಗುಣಿಸಿ ಹೋಲಿಸು.

ಅಕ್ಕ ಒಬ್ಬರು ನಡುವೆ ಕೊಬ್ಬರಿ ಎಣ್ಣೆ ಟಿನ್ ಬಗ್ಗೆ ಕೇಳಿದ್ದಾರೆ. ಅಕ್ಕಾ, ಇದು ಎಂಜಿನ್ ಎಣ್ಣೆ ಮಾತು, ಆದ್ರೂ ಒಂದು ಹೇಳ್ತೇನೆ. ಟಿನ್ ಮೇಲೆ 15 ಕೆಜಿ ಇದೆಯೋ 15 ಲೀಟರ್ ಇದೆಯೋ ನೋಡಿ. ಅಡುಗೆ ಎಣ್ಣೆ ನೀರಿಗಿಂತ ಹಗುರ, 15 ಕೆಜಿ ಅಂದ್ರೆ ಹದಿನಾರು ಲೀಟರ್ ದಾಟುತ್ತೆ. 15 ಲೀಟರ್ ಟಿನ್ನನ್ನ ಕೆಜಿ ಟಿನ್ನಿನ ಬೆಲೆಗೆ ತಂದ್ರೆ ಒಂದು ಲೀಟರಿಗಿಂತ ಹೆಚ್ಚೇ ಕಳಕೊಂಡಿರಿ.

ಬಕೆಟ್ ಈಗಾಗಲೇ ಮನೆಯಲ್ಲಿದ್ದವರು ಹಲಗೆ ಮೇಲೆ, ಮಳೆ ಇರುಚಲು ಬೀಳದ ಕಡೆ ಇಡಿ. ಮುಚ್ಚಳದ ಮೇಲೆ ನೀರು ನಿಂತ್ರೆ, ಹಗಲು ಬಿಸಿ ರಾತ್ರಿ ಥಂಡಿಗೆ ಬಕೆಟ್ ಉಸಿರಾಡಿ ಆ ನೀರನ್ನ ಒಳಗೆ ಎಳ್ಕೊಳ್ಳುತ್ತೆ. ಖಾಲಿ ಬಾಟಲಿಗೆ ಮುಚ್ಚಳ ಸಮೇತ ಹತ್ತು ರೂಪಾಯಿ ಕೊಡ್ತೀನಿ ಅಂತ ಬರೋ ಗುಜರಿಯವನಿಗೆ ಹಾಗೇ ಕೊಡಬೇಡಿ, ಕತ್ತಿಯಲ್ಲಿ ಒಂದು ಏಟು ಹಾಕಿ ಕೊಡಿ. ಮೋಸ ಹೋದವರು ಬಿಲ್ಲು ಇದ್ರೆ 1915ಕ್ಕೆ ಫೋನ್ ಮಾಡಿ, ಅದು ಗ್ರಾಹಕರ ಸಹಾಯವಾಣಿ. ನನ್ನ ಹತ್ತಿರ ಬಿಲ್ಲೇ ಇರಲಿಲ್ಲ, ಹಾಗಾಗಿ ಬಾಯಿ ಮುಚ್ಚಿಕೊಂಡು ಕೂತೆ.

ತಮ್ಮಾ, ನಾಳೆ ಆ ಅಂಗಡಿ ಕಡೆ ಹೇಗೂ ಹೋಗ್ತೀಯಲ್ಲ. ಬಕೆಟ್ಟಿನ ತಳದ ಫೋಟೋ, ಪ್ಯಾಕ್ ತಾರೀಖಿನ ಫೋಟೋ ತೆಗೆದು ಇಲ್ಲೇ ಹಾಕು. ತಲೆಕೆಳಗು ಮಾಡೋಕೆ ಅವನು ಬಿಡಲಿಲ್ಲ ಅಂದ್ರೆ ಅದನ್ನೂ ಬರಿ.