ಏಳುನೂರು ಮಂದಿಗೆ ಮೊದಲ ನಮಸ್ಕಾರ

ಓದುಗರ ಪತ್ರ: ನಾನು ನಿವೃತ್ತನಾಗಿ ಊರಿಗೆ ಮರಳಿ, ಈ ವರ್ಷದಿಂದ ರೇಷ್ಮೆ ಹುಳು ಸಾಕುತ್ತಿದ್ದೇನೆ. ಅಣ್ಣನ ಮಗ ನನ್ನನ್ನು ರೇಷ್ಮೆ ಬೆಳೆಗಾರರ ವಾಟ್ಸ್ಆ್ಯಪ್ ಗುಂಪಿಗೆ ಸೇರಿಸಿ ನಾಲ್ಕು ದಿನವಾಯಿತು. ಅದರಲ್ಲಿ ಏಳುನೂರಕ್ಕೂ ಹೆಚ್ಚು ಜನರಿದ್ದಾರೆ. ಮಾತಾಡಿಸದೆ ಕೂತರೆ ಬಿಗುಮಾನ ಎಂದುಕೊಳ್ಳುತ್ತಾರೇನೋ ಎಂಬ ಅಳುಕು, ಬರೆದರೆ ಏನು ಬರೆಯಬೇಕೆಂಬ ಗೊಂದಲ. ಒಂದು ಕರಡನ್ನು ಇದರೊಂದಿಗೆ ಇಟ್ಟಿದ್ದೇನೆ, ದಯವಿಟ್ಟು ನೋಡಿ ತಿದ್ದಿಕೊಡಿ. ಹೆಸರು ಪ್ರಕಟಿಸಬೇಡಿ.
— ಓದುಗ, ಶಿಡ್ಲಘಟ್ಟ ತಾಲ್ಲೂಕು

ಸಂಪಾದಕರ ಉತ್ತರ:

ಮಾನ್ಯರೇ,

ನಿಮ್ಮ ಕರಡನ್ನು ಎರಡು ಸಲ ಓದಿದೆ. ಅದರಲ್ಲಿ ವಿನಯವಿದೆ, ಸಡಗರವಿದೆ, ಭಾಷೆಯೂ ಶುದ್ಧವಾಗಿದೆ. ಆದರೆ ಅದು ಸಭೆಯಲ್ಲಿ ಎದ್ದುನಿಂತು ಓದುವ ಭಾಷಣದ ಅಳತೆಯಲ್ಲಿದೆ. ಗುಂಪಿನವರು ಅದನ್ನು ಓದುವುದು ಸೊಪ್ಪು ಕೊಯ್ಯುವ ನಡುವೆ, ಒಂದು ಕೈಯಲ್ಲಿ ಫೋನ್ ಹಿಡಿದುಕೊಂಡು. ಫೋನ್ ಸದ್ದು ಮಾಡಿದಾಗ ಪರದೆಯ ಮೇಲೆ ಮೊದಲ ಒಂದೆರಡು ಸಾಲು ಮಾತ್ರ ಕಾಣುತ್ತದೆ, ತೆರೆದು ನೋಡಿದರೂ ಉದ್ದದ ಬರಹವನ್ನು ವಾಟ್ಸ್ಆ್ಯಪ್ ಅರ್ಧಕ್ಕೆ ಮಡಚಿಟ್ಟು, ಬೇಕಿದ್ದವರು ಒತ್ತಿ ಓದಲಿ ಎನ್ನುತ್ತದೆ. ನಿಮ್ಮ ಕರಡಿನಲ್ಲಿ ಹೆಸರು ಬರುವುದು ಒಂಬತ್ತನೆಯ ಸಾಲಿನಲ್ಲಿ, ಊರು ಹನ್ನೊಂದನೆಯದರಲ್ಲಿ. ಅಲ್ಲಿಯವರೆಗೆ ಒತ್ತಿ ಓದುವವರು ಬಹಳ ಕಡಿಮೆ.

ಮೊದಲ ಸಂದೇಶಕ್ಕೆ ಇರುವುದು ಒಂದೇ ಕೆಲಸ. ನಿಮ್ಮ ಅಣ್ಣನ ಮಗನನ್ನು ಬಿಟ್ಟರೆ ಆ ಏಳುನೂರು ಮಂದಿಯಲ್ಲಿ ಹೆಚ್ಚಿನವರ ಫೋನಿನಲ್ಲಿ ನಿಮ್ಮ ಹೆಸರು ಉಳಿಸಿಕೊಂಡಿರುವುದಿಲ್ಲ, ಅವರಿಗೆ ಕಾಣುವುದು ಹತ್ತಂಕಿಯ ಒಂದು ನಂಬರ್ ಮತ್ತು ಅದರ ಜೊತೆಗೆ ಅಲೆಯಂತಹ ಪುಟ್ಟ ಗೆರೆಯ ಮುಂದೆ ನೀವು ಫೋನಿನಲ್ಲಿ ಹಾಕಿಕೊಂಡಿರುವ ಹೆಸರು. ಆ ನಂಬರ್ ಯಾರದೆಂದು ತಿಳಿಯುವಂತೆ ಮಾಡಿದರೆ ಸಂದೇಶದ ಕೆಲಸ ಮುಗಿಯಿತು. ಹಾಗಾಗಿ ಬರೆಯುವುದಕ್ಕೂ ಮೊದಲು ನಿಮ್ಮ ಪ್ರೊಫೈಲ್ ಹೆಸರನ್ನು ಒಮ್ಮೆ ನೋಡಿಕೊಳ್ಳಿ. ಎಷ್ಟೋ ಮಂದಿಯದು ಅಂಗಡಿಯವನು ಹಾಕಿಕೊಟ್ಟ ಒಂದಕ್ಷರವೋ ಮೊಮ್ಮಗುವಿನ ಮುದ್ದಿನ ಹೆಸರೋ ಆಗಿರುತ್ತದೆ.

ಇನ್ನು ಕರಡಿಗೆ ಬರೋಣ. ನೀವು ‘ಶುಭೋದಯ’ ಎಂದು ಶುರು ಮಾಡಿದ್ದೀರಿ. ಅದನ್ನು ಕೆಲವರು ಮಧ್ಯಾಹ್ನ, ಕೆಲವರು ರಾತ್ರಿ ಊಟದ ನಂತರ ಓದುತ್ತಾರೆ. ನಮ್ಮ ‘ನಮಸ್ಕಾರ’ಕ್ಕೆ ಹೊತ್ತಿನ ಹಂಗಿಲ್ಲ, ಅದನ್ನೇ ಬಳಸಿ. ಅದರ ಮುಂದೆ ‘ಹಿರಿಯರ ಪಾದಾರವಿಂದಗಳಿಗೆ’ ಎಂದಿದೆ. ಗುಂಪಿನಲ್ಲಿ ಇಪ್ಪತ್ತೆರಡರ ಹುಡುಗನೂ ಎಪ್ಪತ್ತರ ಅಜ್ಜನೂ ಇರುವಾಗ, ಅಲ್ಲಿ ಯಾರು ಹಿರಿಯರೆಂದು ನಿಮಗೇ ತಿಳಿಯದಿರುವಾಗ, ಆ ಮಾತು ಯಾರನ್ನೂ ಮುಟ್ಟುವುದಿಲ್ಲ. ಮೂರನೆಯ ಸಾಲಿನ ‘ಸಹೋದರರೇ’ ಎಂಬ ಸಂಬೋಧನೆಯಂತೂ ಬೇಡವೇ ಬೇಡ. ನಮ್ಮ ಸೀಮೆಯಲ್ಲಿ ಹುಳುವಿನ ಮನೆಯ ಅರ್ಧಕ್ಕಿಂತ ಹೆಚ್ಚು ಕೆಲಸ ಹೆಂಗಸರದು. ಸೊಪ್ಪು ಹಾಕುವವರು, ಕಸ ತೆಗೆಯುವವರು, ಹಣ್ಣಾದ ಹುಳುವನ್ನು ಆರಿಸಿ ಚಂದ್ರಿಕೆಗೆ ಬಿಡುವವರು ಅವರೇ. ಅವರಲ್ಲಿ ಹಲವರು ಈಗ ಇಂತಹ ಗುಂಪುಗಳಲ್ಲಿದ್ದಾರೆ. ಮೊದಲ ಮಾತಿನಲ್ಲೇ ಅವರನ್ನು ಹೊರಗಿಟ್ಟಂತಾಗಬಾರದು. ‘ಎಲ್ಲರಿಗೂ ನಮಸ್ಕಾರ’ ಎಂದರೆ ಸಾಕು, ಅದರಲ್ಲಿ ಯಾರೂ ಬಿಟ್ಟುಹೋಗುವುದಿಲ್ಲ.

ಹೆಸರಿನ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ನೀವು ಹೆಸರು ಬೇಡವೆಂದಿರುವುದರಿಂದ ಇಲ್ಲಿ ಮುನಿಯಪ್ಪ ಎಂದಿಟ್ಟುಕೊಳ್ಳುತ್ತೇನೆ. ಶಿಡ್ಲಘಟ್ಟ, ಚಿಂತಾಮಣಿ, ಕೋಲಾರದ ಕಡೆ ಊರಿಗೆ ನಾಲ್ಕು ಜನ ಮುನಿಯಪ್ಪನವರಿರುತ್ತಾರೆ. ಬರೀ ಹೆಸರು ಹೇಳಿದರೆ ಯಾರೆಂದು ತಿಳಿಯುವುದಿಲ್ಲ. ಇನಿಷಿಯಲ್ ಸೇರಿಸಿದರೂ ಅಷ್ಟೇ, ಅದು ಕಚೇರಿಯ ಹಾಜರಿ ಪುಸ್ತಕಕ್ಕೆ ಸರಿ. ನಮ್ಮಲ್ಲಿ ಮನುಷ್ಯನನ್ನು ಗುರುತಿಸುವುದು ಊರಿನಿಂದ, ಆಮೇಲೆ ‘ಯಾರ ಕಡೆಯವರು’ ಎಂಬುದರಿಂದ. ನೀವು ಕರಡಿನಲ್ಲಿ ಹಳೆಯ ರೂಢಿಯಂತೆ ಕೋಲಾರ ಜಿಲ್ಲೆ ಎಂದು ಬರೆದಿದ್ದೀರಿ. ನಿಮ್ಮ ತಾಲ್ಲೂಕು 2007ರಿಂದ ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿದೆ. ಆದರೆ ಈ ಗುಂಪಿಗೆ ಜಿಲ್ಲೆಗಿಂತ ಹೋಬಳಿಯ ಹೆಸರೇ ಹೆಚ್ಚು ಉಪಯೋಗ. ಜಂಗಮಕೋಟೆ ಹೋಬಳಿ ಎಂದ ಕೂಡಲೇ ಪಕ್ಕದೂರಿನವರು ‘ನಮ್ಮ ಕಡೆಯವರೇ’ ಎಂದು ತಲೆಯೆತ್ತಿ ನೋಡುತ್ತಾರೆ. ಸೇರಿಸಿದವರ ಹೆಸರನ್ನೂ ಹೇಳಿ. ನಿಮ್ಮ ಅಣ್ಣನ ಮಗ ಗುಂಪಿನಲ್ಲಿ ಮೊದಲಿನಿಂದ ಇರುವವರು, ಅವರ ಪರಿಚಯವೇ ನಿಮ್ಮ ಅರ್ಧ ಪರಿಚಯ. ಇಲ್ಲೊಂದು ಸಣ್ಣ ತೊಡಕಿದೆ. ಮನೆಯಲ್ಲಿ ನೀವು ಅವರನ್ನು ‘ಅವನು’ ಎನ್ನುತ್ತೀರಿ, ಗುಂಪಿನಲ್ಲಿ ಬೇರೆಯವರು ಅವರಿಗೆ ‘ಅಣ್ಣಾ’ ಎನ್ನುತ್ತಿರಬಹುದು. ‘ಸೇರಿಸಿದ್ದಾನೆ’ ಎಂದರೆ ಅವರೆದುರು ಹಗುರವಾಗಿ ಕೇಳುತ್ತದೆ, ‘ಸೇರಿಸಿದ್ದಾರೆ’ ಎನ್ನಲು ನಿಮಗೆ ನಾಲಿಗೆ ಹೊರಳದು. ‘ಮಂಜುನಾಥ ನಮ್ಮ ಅಣ್ಣನ ಮಗ’ ಎಂದು ಕ್ರಿಯಾಪದವೇ ಇಲ್ಲದೆ ಬರೆದರೆ ಆ ತೊಡಕು ತಾನಾಗಿ ಕಳೆಯುತ್ತದೆ.

ಕರಡಿನ ನಡುವಿನ ಭಾಗದಲ್ಲಿ ನಿಮ್ಮ ಸೇವಾವಧಿ, ಬಡ್ತಿ ಪಡೆದ ಊರುಗಳು, ನಿವೃತ್ತಿಯಲ್ಲಿ ಬಂದ ಹಣವನ್ನು ಹುಳುವಿನ ಮನೆಗೆ ಹಾಕಿದ ಸಂಗತಿ ಎಲ್ಲವೂ ಇದೆ. ಇದನ್ನು ಪೂರ್ತಿ ತೆಗೆದುಹಾಕಲೇಬೇಕೆಂದು ನಾನು ಒತ್ತಿ ಹೇಳುತ್ತೇನೆ. ಏಳುನೂರು ಜನರಿರುವ ಗುಂಪಿನಲ್ಲಿ ಎಲ್ಲರೂ ಯಾರೆಂದು ಅಡ್ಮಿನ್‌ಗೂ ತಿಳಿದಿರುವುದಿಲ್ಲ. ವಾಟ್ಸ್ಆ್ಯಪ್ ಒಂದು ಗುಂಪಿಗೆ 1024 ಮಂದಿಯವರೆಗೆ ಅವಕಾಶ ಕೊಡುತ್ತದೆ, ಲಿಂಕ್ ಹಿಡಿದು ಒಳಗೆ ಬಂದವರೂ ಇರುತ್ತಾರೆ. ನಿಮ್ಮ ನಂಬರ್ ಅವರೆಲ್ಲರಿಗೂ ಕಾಣುತ್ತಿದೆ. ಆ ನಂಬರಿನ ಪಕ್ಕದಲ್ಲೇ ‘ಈಚೆಗೆ ನಿವೃತ್ತಿ, ಕೈಯಲ್ಲಿ ಹಣ’ ಎಂದು ನೀವೇ ಬರೆದಿಟ್ಟರೆ ಬೇಡದ ಕರೆಗಳಿಗೆ ಬಾಗಿಲು ತೆರೆದಂತೆ. ವೃತ್ತಿಯ ಬಗ್ಗೆ ಹೇಳಲೇಬೇಕೆನಿಸಿದರೆ ಈಗಿನ ಕಸುಬನ್ನು ಹೇಳಿ. ತೋಟ ಎಷ್ಟು, ಯಾವ ತಳಿಯ ಹುಳು, ಒಂದು ಸಲಕ್ಕೆ ಎಷ್ಟು ಮೊಟ್ಟೆ, ಇಷ್ಟು ತಿಳಿದರೆ ಬೆಳೆಗಾರರಿಗೆ ನಿಮ್ಮ ಅಳತೆ ಸಿಕ್ಕಿಬಿಡುತ್ತದೆ.

ಕೊನೆಯಲ್ಲಿ ಎರಡು ಪ್ರಶ್ನೆ ಕೇಳಿದ್ದೀರಿ: ಮರಿಹುಳು ಸಾಕಿ ಕೊಡುವ ಚಾಕಿ ಕೇಂದ್ರಗಳಲ್ಲಿ ಯಾವುದರ ಹುಳು ಒಳ್ಳೆಯದು, ಊಜಿ ನೊಣಕ್ಕೆ ಏನು ಮಾಡಬೇಕು. ಎರಡೂ ನ್ಯಾಯವಾದ ಪ್ರಶ್ನೆಗಳೇ, ಆದರೆ ಇಲ್ಲಿ ಬೇಡ. ನಮಸ್ಕಾರದ ಜೊತೆ ಪ್ರಶ್ನೆ ಸೇರಿಸಿದರೆ ಜನ ‘ಸ್ವಾಗತ’ ಎಂದು ಉತ್ತರಿಸಿ ಮುಂದೆ ಹೋಗುತ್ತಾರೆ, ಪ್ರಶ್ನೆ ಅಲ್ಲೇ ಹೂತುಹೋಗುತ್ತದೆ. ಚಾಕಿ ಕೇಂದ್ರದ ಪ್ರಶ್ನೆಗಂತೂ ಇನ್ನೊಂದು ಇಕ್ಕಟ್ಟಿದೆ. ಅಂತಹ ಕೇಂದ್ರ ನಡೆಸುವವರೇ ಗುಂಪಿನಲ್ಲಿರುತ್ತಾರೆ. ಅವರ ಮುಂದೆ ಯಾರು ತಾನೇ ಬಾಯಿಬಿಟ್ಟು ಹೇಳುತ್ತಾರೆ? ಅದನ್ನು ನಿಮ್ಮ ಅಣ್ಣನ ಮಗನ ಬಳಿ ಕೇಳಿ. ಊಜಿಯದನ್ನು ಎರಡು ದಿನ ಬಿಟ್ಟು, ಹುಳು ಪೊರೆ ಬಿಡುವ ಎಷ್ಟನೇ ಜ್ವರ ಎದ್ದಿದೆ, ಕಿಟಕಿಗೆ ಬಲೆ ಇದೆಯೇ ಎಂಬ ವಿವರ ಮತ್ತು ಒಂದು ಫೋಟೋ ಸಮೇತ ಪ್ರತ್ಯೇಕವಾಗಿ ಕೇಳಿ. ಆಗ ಉತ್ತರ ಬರುತ್ತದೆ.

ಇದಿಷ್ಟನ್ನೂ ಸೇರಿಸಿ ನಿಮ್ಮ ಕರಡನ್ನು ಹೀಗೆ ತಿದ್ದಿದ್ದೇನೆ:

‘ಎಲ್ಲರಿಗೂ ನಮಸ್ಕಾರ. ನಾನು ಮುನಿಯಪ್ಪ, ಶಿಡ್ಲಘಟ್ಟ ತಾಲ್ಲೂಕು ಜಂಗಮಕೋಟೆ ಹೋಬಳಿ. ಗುಂಪಿನಲ್ಲಿರುವ ಮಂಜುನಾಥ ನಮ್ಮ ಅಣ್ಣನ ಮಗ. ಒಂದು ಎಕರೆ ಹಿಪ್ಪುನೇರಳೆ ಇದೆ, ಈ ವರ್ಷದಿಂದ ಮಿಶ್ರತಳಿ ಸಾಕುತ್ತಿದ್ದೇನೆ, ಸಲಕ್ಕೆ ನೂರು ಮೊಟ್ಟೆ. ನಿಮ್ಮ ಅನುಭವದ ಮಾತುಗಳನ್ನು ಓದಿ ಕಲಿಯುವ ಆಸೆಯಿದೆ.’

ಮೊದಲೆರಡು ವಾಕ್ಯದಲ್ಲೇ ನೀವು ಯಾರೆಂಬುದು ತಿಳಿಯಿತು, ಉಳಿದದ್ದನ್ನು ಓದದೆ ಬಿಟ್ಟವರಿಗೂ ನಷ್ಟವಿಲ್ಲ. ‘ತಪ್ಪಿದ್ದರೆ ಕ್ಷಮಿಸಿ’ ಎಂಬ ನಿಮ್ಮ ಕಡೆಯ ಸಾಲನ್ನೂ ‘ಎಲ್ಲರೂ ತಪ್ಪದೆ ಪ್ರತಿಕ್ರಿಯಿಸಿ’ ಎಂಬುದನ್ನೂ ಕೈಬಿಟ್ಟಿದ್ದೇನೆ. ತಪ್ಪೇ ಮಾಡದೆ ಕ್ಷಮೆ ಏಕೆ, ಮತ್ತು ನೂರು ಜನ ಪ್ರತಿಕ್ರಿಯಿಸಿದರೆ ಏಳುನೂರು ಫೋನುಗಳು ನೂರು ಸಲ ಸದ್ದು ಮಾಡುತ್ತವೆ. ಹೂವಿನ ಚಿತ್ರವೂ ಅದೇ ಕಾರಣಕ್ಕೆ ಬೇಡ. ಕನ್ನಡ ಲಿಪಿಯಲ್ಲೇ ಬರೆಯಿರಿ. ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಹುಳಿಯೂ ಹುಲಿಯೂ ಒಂದೇ ಆಗುತ್ತವೆ, ಮನೆಯಲ್ಲಿ ತೆಲುಗಾಡುವ ನಮ್ಮ ಕಡೆಯ ಎಷ್ಟೋ ಮಂದಿ ಕನ್ನಡ ಲಿಪಿಯನ್ನು ಸರಾಗವಾಗಿ ಓದುತ್ತಾರಾದರೂ ಇಂಗ್ಲಿಷ್ ಅಕ್ಷರದ ಕನ್ನಡದಲ್ಲಿ ತಡವರಿಸುತ್ತಾರೆ. ಬಾಯಲ್ಲಿ ಹೇಳಿ ಟೈಪ್ ಮಾಡಿಸುವ ಅಭ್ಯಾಸವಿದ್ದರೆ ಕಳಿಸುವ ಮುನ್ನ ಊರಿನ ಹೆಸರನ್ನು ಒಮ್ಮೆ ಓದಿಕೊಳ್ಳಿ, ಹೆಚ್ಚಾಗಿ ತಪ್ಪುವುದು ಅದೇ.

ಇನ್ನು ಯಾವಾಗ ಕಳಿಸಬೇಕೆಂಬುದು. ಇದನ್ನು ನಾನು ನೊಂದು ಕಲಿತಿದ್ದೇನೆ. ಕೆಲವು ವರ್ಷಗಳ ಹಿಂದೆ ಒಂದು ದೊಡ್ಡ ಗುಂಪಿಗೆ ಸೇರಿದ ದಿನವೇ, ಮೇಲೆ ಏನಿದೆಯೆಂದು ನೋಡದೆ, ಉತ್ಸಾಹದಿಂದ ಪರಿಚಯ ಬರೆದು ಕಳಿಸಿದೆ. ಅದಕ್ಕೆ ಹತ್ತು ನಿಮಿಷ ಮೊದಲು ಸದಸ್ಯರೊಬ್ಬರು ತಮ್ಮ ತಾಯಿ ತೀರಿಕೊಂಡ ಸುದ್ದಿ ಹಾಕಿದ್ದರು. ಎಲ್ಲರ ಸಾಂತ್ವನದ ನಡುವೆ ನನ್ನ ನಗುಮುಖದ ಸಾಲು ನಿಂತಿತ್ತು. ಅಳಿಸಿದೆ, ಆದರೆ ಅಳಿಸಿದ ಗುರುತು ಉಳಿಯುತ್ತದೆ, ಆ ತಾಯಿಯ ಮಗ ಅದನ್ನು ಓದಿಯೂ ಆಗಿತ್ತು. ಆದ್ದರಿಂದ ಕಳಿಸುವ ಮುನ್ನ ಕೊನೆಯ ಒಂದಿಪ್ಪತ್ತು ಸಂದೇಶಗಳ ಮೇಲೆ ಕಣ್ಣಾಡಿಸಿ. ಸಾವಿನ ಸುದ್ದಿಯಿದ್ದರೆ ಆ ದಿನ ಬಿಡಿ. ಬೆಳಗ್ಗೆ ಗೂಡಿನ ದರ ಹರಿದಾಡುವ ಹೊತ್ತಿನಲ್ಲೂ ಬೇಡ, ದರಕ್ಕಾಗಿ ಕಾಯುತ್ತಿರುವವರಿಗೆ ಅದು ಅಡ್ಡ. ನೀವು ಸೇರುವುದಕ್ಕೆ ಮೊದಲಿನ ಮಾತುಗಳು ನಿಮ್ಮ ಫೋನಿನಲ್ಲಿ ಸಾಮಾನ್ಯವಾಗಿ ಕಾಣುವುದಿಲ್ಲವಾದ್ದರಿಂದ, ಹೊಸಬರು ಬಂದಾಗ ಅಲ್ಲಿಯವರು ಹೇಗೆ ನಡೆದುಕೊಳ್ಳುತ್ತಾರೆ ಎಂಬುದನ್ನು ಅಣ್ಣನ ಮಗನ ಫೋನಿನಲ್ಲೇ ನೋಡಿ. ಗುಂಪಿನ ಹೆಸರನ್ನು ಒತ್ತಿದರೆ ವಿವರಣೆ ತೆರೆದುಕೊಳ್ಳುತ್ತದೆ. ಅಲ್ಲಿ ‘ದರ ಮತ್ತು ರೋಗದ ಮಾಹಿತಿ ಮಾತ್ರ’ ಎಂದೇನಾದರೂ ಇದ್ದರೆ ಗುಂಪಿನಲ್ಲಿ ನಮಸ್ಕಾರವೇ ಬೇಡ, ಇದೇ ಸಾಲುಗಳನ್ನು ಅಡ್ಮಿನ್‌ಗೆ ಖಾಸಗಿಯಾಗಿ ಕಳಿಸಿ. ನಾಲ್ಕು ದಿನ ಸುಮ್ಮನಿದ್ದದ್ದನ್ನು ಯಾರೂ ಬಿಗುಮಾನ ಎಂದುಕೊಂಡಿರುವುದಿಲ್ಲ. ದೊಡ್ಡ ಗುಂಪಿನಲ್ಲಿ ಯಾರು ಎಂದು ಬಂದರೆಂದು ಲೆಕ್ಕ ಇಡುವವರಿಲ್ಲ.

ಕಳಿಸಿದ ಮೇಲೆ ತಪ್ಪು ಕಂಡರೆ 15 ನಿಮಿಷದೊಳಗೆ ಅದೇ ಸಂದೇಶವನ್ನು ಒತ್ತಿಹಿಡಿದು ತಿದ್ದಬಹುದು, ಅಳಿಸಿ ಮತ್ತೆ ಕಳಿಸುವುದಕ್ಕಿಂತ ಅದು ಮೇಲು. ಹತ್ತು ಜನ ಹೆಬ್ಬೆರಳು ತೋರಿಸಿದರೆ ಹತ್ತು ಜನಕ್ಕೂ ಧನ್ಯವಾದ ಬರೆಯಬೇಡಿ. ಯಾರಾದರೂ ‘ನೀವು ನಮ್ಮ ಪಕ್ಕದ ಊರಿನವರೇ’ ಎಂದು ವಿಚಾರಿಸಿದರೆ ಮಾತ್ರ ಉತ್ತರ ಕೊಡಿ, ಊರಿನ ಮಾತು ಬೆಳೆಯತೊಡಗಿದರೆ ಅವರ ನಂಬರಿಗೆ ನೇರವಾಗಿ ಬರೆಯಿರಿ.