ಕರೆಂಟ್ ರೇಶಿಯೊ ಏರಿದ್ದು ಯಾವುದರಿಂದ ಎಂದು ಮೊದಲು ನೋಡಿ

ಪ್ರಶ್ನೆ: ಮಧ್ಯಮ ಗಾತ್ರದ ಚಿಲ್ಲರೆ ಮಾರಾಟ ಕಂಪನಿಯೊಂದು ಸಾಲ ಕೇಳಿದೆ. ಕರೆಂಟ್ ರೇಶಿಯೊ ಒಂದೇ ವರ್ಷದಲ್ಲಿ 1.3ರಿಂದ 1.5ಕ್ಕೆ ಏರಿದೆ, ಸಾಲ ಸ್ವಂತ ಬಂಡವಾಳದ 1.2 ಪಟ್ಟು. ಮಂಜೂರು ಮಾಡಬಹುದೇ?

ಈ ಎರಡು ಅಂಕಿ ನಂಬಿ ನಾನಂತೂ ಸಹಿ ಹಾಕುವುದಿಲ್ಲ. ನೀವು ಪೂರ್ತಿ ಲೆಕ್ಕ ಕೊಟ್ಟಿಲ್ಲವಾದ್ದರಿಂದ ಇದೇ ಅನುಪಾತ ಬರುವಂಥ ಉದಾಹರಣೆಯೊಂದನ್ನು ತೆಗೆದುಕೊಳ್ಳುತ್ತೇನೆ. ಎಲ್ಲ ಮೊತ್ತವೂ ಕೋಟಿಗಳಲ್ಲಿ.

ಚಾಲ್ತಿ ಆಸ್ತಿ 60. ಅದರಲ್ಲಿ ದಾಸ್ತಾನೇ 44. ಚಾಲ್ತಿ ಹೊಣೆ 40. ಆಸ್ತಿಯನ್ನು ಹೊಣೆಯಿಂದ ಭಾಗಿಸಿದರೆ ನಿಮ್ಮ ಕರೆಂಟ್ ರೇಶಿಯೊ 1.5. ದಾಸ್ತಾನು ಬಿಟ್ಟರೆ ಉಳಿಯುವುದು 16, ಅಂದರೆ ಕ್ವಿಕ್ ರೇಶಿಯೊ 0.4. ಇದಕ್ಕೆ ಗಾಬರಿ ಬೇಡ. ಚಿಲ್ಲರೆ ವ್ಯಾಪಾರದಲ್ಲಿ ಗಿರಾಕಿ ಕೌಂಟರಿನಲ್ಲೇ ದುಡ್ಡು ಕೊಡುತ್ತಾನೆ, ಬಾಕಿ ವಸೂಲಿಯ ಗೋಜು ಕಡಿಮೆ. ಇಲ್ಲಿ ಎಲ್ಲವೂ ನಿಂತಿರುವುದು ಸರಕು ಎಷ್ಟು ಬೇಗ ಹೋಗುತ್ತದೆ ಎಂಬುದರ ಮೇಲೆ.

ಮಾರಿದ ಸರಕಿನ ವೆಚ್ಚ 150. ದಾಸ್ತಾನನ್ನು ಇದರಿಂದ ಭಾಗಿಸಿ 365ರಿಂದ ಗುಣಿಸಿ: ಸರಕು ಹೋಗಲು 107 ದಿನ. ಹಿಂದಿನ ವರ್ಷ ದಾಸ್ತಾನು 30, ವೆಚ್ಚ 146; ಆಗ 75 ದಿನವಿತ್ತು. ಮಾರಾಟ ಹೆಚ್ಚುಕಡಿಮೆ ಅಲ್ಲೇ ನಿಂತಿದೆ, ಗೋದಾಮು ಮಾತ್ರ ತುಂಬಿದೆ. ರೇಶಿಯೊ ಏರಿದ್ದು ಹೋಗದ ಮಾಲಿನಿಂದ. 75 ದಿನದ ಲೆಕ್ಕಕ್ಕೆ 31 ಸಾಕು, ಹೆಚ್ಚುವರಿ 13. ಅದು ಕೊಂಡ ಬೆಲೆಯ ಅರ್ಧಕ್ಕೆ ಹೋದರೆ 6.5 ನಷ್ಟ, ಅಷ್ಟೂ ಸ್ವಂತ ಬಂಡವಾಳಕ್ಕೇ ಹೊಡೆತ.

ಸರಬರಾಜುದಾರರ ಬಾಕಿಯನ್ನೂ ನೋಡಿ. ಖರೀದಿ ಎಂದರೆ 150ಕ್ಕೆ ದಾಸ್ತಾನು ಏರಿದ 14 ಸೇರಿಸಿ 164. ಬಾಕಿ 26 ಇದ್ದರೆ 58 ದಿನ. ಹಿಂದೆ 45 ಇದ್ದದ್ದು ಇಷ್ಟಾಗಿದ್ದರೆ, ಒಪ್ಪಂದದಲ್ಲೇ ಗಡುವು ಹೆಚ್ಚಿದೆಯೇ ಅಥವಾ ಪಾವತಿ ತಡವಾಗುತ್ತಿದೆಯೇ ಎಂದು ಬಾಕಿಯ ವಯಸ್ಸಿನ ಪಟ್ಟಿ ತರಿಸಿ ತಿಳಿಯಿರಿ. ಎರಡನೆಯದಾದರೆ ಅವರು ಮಾಲು ನಿಲ್ಲಿಸುವ ದಿನ ದೂರವಿಲ್ಲ.

ಇನ್ನು ದೀರ್ಘಾವಧಿಯ ತಾಕತ್ತು. ಸಾಲ 30, ಸ್ವಂತ ಬಂಡವಾಳ 25, ನಿಮ್ಮ 1.2 ಬಂದದ್ದು ಹೀಗೆ. ಮಳಿಗೆಗಳ ಲೀಸ್ ಹೊಣೆ 30 ಇದರಲ್ಲಿ ಸೇರಿಲ್ಲ. ಸೇರಿಸಿದರೆ 2.4, ಮೇಲಿನ ನಷ್ಟ ಕಳೆದು ಬಂಡವಾಳ 18.5 ಆದರೆ 3.2. ಮಳಿಗೆ ಬಿಟ್ಟರೆ ವ್ಯಾಪಾರವೇ ಇಲ್ಲ, ಹಾಗಾಗಿ ಬಾಡಿಗೆಯೂ ಸಾಲದಷ್ಟೇ ಬಿಡದ ಹೊಣೆ.

ನಾನು ಹೆಚ್ಚು ತೂಕ ಕೊಡುವುದು ಇನ್ನೊಂದು ಲೆಕ್ಕಕ್ಕೆ. ಬಾಡಿಗೆ, ಬಡ್ಡಿ, ಸವಕಳಿ, ತೆರಿಗೆ ಕಳೆಯುವ ಮುನ್ನದ ಲಾಭ 18. ವರ್ಷದ ಬಾಡಿಗೆ 9, ಬಡ್ಡಿ 3, ಅಸಲಿನ ಕಂತು 4, ಒಟ್ಟು 16. ಅಂದರೆ ಲಾಭ ಈ ಹೊಣೆಯ 1.13 ಪಟ್ಟು, ಅದೂ ತೆರಿಗೆ ಕಟ್ಟುವ ಮೊದಲು. ಮಾರಾಟ 200 ಇದ್ದು ಒಟ್ಟು ಲಾಭದ ಪ್ರಮಾಣ ಶೇ 25ರಿಂದ 24ಕ್ಕೆ ಇಳಿದರೆ 2 ಹೋಯಿತು, ಅನುಪಾತ 1ಕ್ಕೆ ಬಂತು. ಹಳೆ ಮಾಲನ್ನು ರಿಯಾಯಿತಿಯಲ್ಲಿ ಮಾರಹೊರಟರೆ ಈ ಪ್ರಮಾಣ ಇಳಿಯುವುದು ಖಚಿತ.

ವರ್ಷಾಂತ್ಯದ ಒಂದು ದಿನದ ಚಿತ್ರ ಸಾಲದು. ಭರಾಟೆಯ ಮಾರಾಟ ಮುಗಿದ ಮೇಲೆ ಲೆಕ್ಕ ಮುಚ್ಚುವವರಲ್ಲಿ ನಗದು ತುಂಬಿ ಸಾಲ ಇಳಿದಿರುತ್ತದೆ. 12 ತಿಂಗಳ ದಾಸ್ತಾನು ಮತ್ತು ಬ್ಯಾಂಕ್ ಶಿಲ್ಕು ಕೇಳಿ. ಮೇಲಿನಂಥ ಅಂಕಿಗಳೇ ಬಂದರೆ ಹೊಸ ಅವಧಿ ಸಾಲ ನಾನು ಕೊಡುವುದಿಲ್ಲ. ದುಡಿಯುವ ಬಂಡವಾಳಕ್ಕಷ್ಟೇ ಮಿತಿ ಕೊಟ್ಟು, 180 ದಿನ ದಾಟಿದ ಸರಕನ್ನು ಅಡಮಾನದ ಮೌಲ್ಯದಿಂದ ಪೂರ್ತಿ ಹೊರಗಿಡುತ್ತೇನೆ.