"ಗೊತ್ತು ಮಿಸ್, ಆದ್ರೂ..."

ಸಂಪಾದಕರೇ, ನಾನು ಶಾಲೆಯೊಂದರಲ್ಲಿ ಆಪ್ತ ಸಮಾಲೋಚಕಿ. 14–15 ವರ್ಷದ ಹುಡುಗಿಯರು ಬಂದು "ನಾನು ದಪ್ಪ, ನೋಡೋಕೆ ಚೆನ್ನಾಗಿಲ್ಲ" ಅಂತ ಅಳುತ್ತಾರೆ. ಫೋನಿನಲ್ಲಿ ಕಾಣೋದೆಲ್ಲ ಫಿಲ್ಟರ್ ಕಣಮ್ಮಾ ಅಂದರೆ "ಗೊತ್ತು ಮಿಸ್, ಆದ್ರೂ..." ಅಂತ ಸುಮ್ಮನಾಗುತ್ತಾರೆ. ಅಲ್ಲಿಂದ ಮುಂದೆ ಏನು ಕೇಳಬೇಕು, ಏನು ಹೇಳಬೇಕು ಅಂತ ನನಗೆ ತೋಚುವುದಿಲ್ಲ.
— ಒಬ್ಬ ಓದುಗರು

ಫಿಲ್ಟರ್ ಪಾಠವನ್ನು ಮೊದಲು ಬಿಟ್ಟುಬಿಡಿ. ಅದು ಸುಳ್ಳು ಅಂತಲ್ಲ. ಆ ವಿಷಯ ಅವಳಿಗೆ ನಮ್ಮಿಬ್ಬರಿಗಿಂತ ಚೆನ್ನಾಗಿ ಗೊತ್ತು. ದವಡೆ ಸಣ್ಣ ಮಾಡೋದು ಹೇಗೆ, ಸೊಂಟ ಒಳಗೆ ತಳ್ಳೋದು ಹೇಗೆ ಅಂತ ಕೇಳಿ ನೋಡಿ, ಎರಡು ನಿಮಿಷದಲ್ಲಿ ಮಾಡಿ ತೋರಿಸುತ್ತಾಳೆ. ಫೋಟೋದ ಮೇಲೆ "ಇದನ್ನು ತಿದ್ದಲಾಗಿದೆ" ಅಂತ ಚೀಟಿ ಅಂಟಿಸಿ ಎಷ್ಟೋ ಪ್ರಯೋಗ ಮಾಡಿದ್ದಾರೆ. ಹೆಚ್ಚಿನವುಗಳಲ್ಲಿ ಚೀಟಿ ಇದ್ದರೂ ನೋಡಿದವರ ಬೇಸರ ಕಡಿಮೆಯಾಗಲಿಲ್ಲ. ಯಾಕೆಂದರೆ ಹೋಲಿಕೆ ಅನ್ನೋದು ಯೋಚನೆಗಿಂತ ಮೊದಲೇ ನಡೆದುಹೋಗುತ್ತದೆ. ಕಣ್ಣು ಫೋಟೋ ಮೇಲೆ ಬಿತ್ತು, ಹೊಟ್ಟೆಯಲ್ಲಿ ಏನೋ ಚುಳ್ ಅಂದಿತು, ಅದು ಫಿಲ್ಟರ್ ಅನ್ನೋದು ಆಮೇಲೆ ನೆನಪಾಗುತ್ತದೆ. ನೆನಪಾಗಿ ಏನು ಪ್ರಯೋಜನ?

ಇನ್ನೊಂದು ತಪ್ಪು ನಾನೇ ವರ್ಷಗಟ್ಟಲೆ ಮಾಡಿದ್ದೇನೆ. ಪತ್ರಿಕೆಗೆ ಬರುವ ಮೊದಲು ನಾನೂ ನಿಮ್ಮ ಕೆಲಸದಲ್ಲೇ ಇದ್ದೆ. ಅಳುವ ಹುಡುಗಿಗೆ "ಅಯ್ಯೋ, ನೀನು ಎಷ್ಟು ಮುದ್ದಾಗಿದ್ದೀಯ" ಅಂತಿದ್ದೆ. ಪ್ರೀತಿಯಿಂದಲೇ ಅಂದದ್ದು. ಆದರೆ ಅವಳನ್ನು ಅಂದಚೆಂದದ ಪರೀಕ್ಷೆಗೆ ಕೂರಿಸಿ ನಾನೇ ಮಾರ್ಕ್ಸ್ ಕೊಟ್ಟ ಹಾಗಾಯಿತಲ್ವಾ? ನಾಳೆ ಬೇರೆ ಯಾರೋ ಕಡಿಮೆ ಮಾರ್ಕ್ಸ್ ಕೊಡುತ್ತಾರೆ. ಆ ಪರೀಕ್ಷೆಯ ಮಾತನ್ನೇ ಬಿಟ್ಟು, ಅವಳಿಗೆ ನಿಜವಾಗಿ ಏನಾಯಿತು ಅಂತ ಕೇಳಬೇಕಿತ್ತು.

ಹಾಗೆ ಕೇಳೋದು ಹೇಗೆ ಅಂತ ನನಗೆ ಕಲಿಸಿದವಳು 14 ವರ್ಷದ ಒಬ್ಬ ಹುಡುಗಿ. ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಿಸಿ ಹೇಳುತ್ತೇನೆ. ಎಷ್ಟೇ ಸೆಕೆ ಇದ್ದರೂ ಸ್ವೆಟರ್ ತೆಗೆಯುತ್ತಿರಲಿಲ್ಲ. "ನನ್ನ ತೋಳು ಅಸಹ್ಯ" ಅಂದಳು. "ಯಾಕೆ ಹಾಗನ್ನಿಸುತ್ತೆ" ಅಂತ ಕೇಳಿದರೆ ಭುಜ ಕುಣಿಸಿದಳು. "ಯಾಕೆ" ಅಂತ ಕೇಳಿದರೆ ಈ ವಯಸ್ಸಿನವರಿಂದ ಉತ್ತರ ಬರೋದು ಕಡಿಮೆ. ಪ್ರಶ್ನೆ ಬದಲಿಸಿದೆ: "ಹಾಗೆ ಅನ್ನಿಸಿದ್ದು ಕೊನೇ ಸಲ ಯಾವಾಗ? ಯಾವ ದಿನ, ಎಷ್ಟು ಹೊತ್ತಿಗೆ, ಎಲ್ಲಿ ಕೂತಿದ್ದೆ?" ಆಗ ಮಾತು ಬಂತು.

ನಿನ್ನೆ ರಾತ್ರಿ, ಹತ್ತು ಗಂಟೆ ದಾಟಿತ್ತು, ಹಾಸಿಗೆಯಲ್ಲಿ ಮಲಗಿದ್ದಳು. ಜೊತೆಗೆ ಓದುವ ಹುಡುಗಿ ಸ್ಲೀವ್‌ಲೆಸ್ ಹಾಕಿಕೊಂಡ ಫೋಟೋ ಬಂತು. ಇವಳು ಅದನ್ನು ಎರಡು ಬೆರಳಲ್ಲಿ ದೊಡ್ಡದು ಮಾಡಿ ತೋಳು ನೋಡಿದಳು. ಆಮೇಲೆ ತನ್ನ ಗ್ಯಾಲರಿಗೆ ಹೋಗಿ ಹಳೇ ಫೋಟೋಗಳಲ್ಲಿ ತನ್ನ ತೋಳು ಹುಡುಕಿದಳು. ಆಮೇಲೆ ಎದ್ದು ಲೈಟ್ ಹಾಕಿ ಇಪ್ಪತ್ತು ಮೂವತ್ತು ಸೆಲ್ಫಿ ತೆಗೆದು ಎಲ್ಲವನ್ನೂ ಡಿಲೀಟ್ ಮಾಡಿದಳು. ತೋಳಿನ ಚರ್ಮ ಹಿಡಿದು ಹಿಂಡಿ ನೋಡಿದಳು. ಬೆಳಿಗ್ಗೆ ತಿಂಡಿ ತಿನ್ನದೆ ಸ್ವೆಟರ್ ಹಾಕಿಕೊಂಡು ಬಂದಳು.

ಇದಿಷ್ಟನ್ನೂ ಅವಳ ಮಾತಲ್ಲೇ ಒಂದು ಹಾಳೆಯಲ್ಲಿ ಒಂದರ ಕೆಳಗೊಂದು ಬರೆದೆವು. ಬರೆದು ಮುಗಿಸಿದ ಮೇಲೆ ಕೇಳಿದೆ, "ಇದರಲ್ಲಿ ನಿನ್ನ ಕೈಲಿ ಇಲ್ಲದ್ದು ಯಾವುದು?" ಸ್ವಲ್ಪ ಹೊತ್ತು ನೋಡಿ ಮೊದಲ ಸಾಲಿನ ಮೇಲೆ ಬೆರಳಿಟ್ಟಳು. ಆ ಫೋಟೋ ಬಂದದ್ದು. ಚುಳ್ ಅಂದದ್ದನ್ನೂ ಅದರ ಜೊತೆಗೇ ಸೇರಿಸಿದೆವು. ಮಿಕ್ಕಿದ್ದೆಲ್ಲ ಅವಳು ಮಾಡಿದ್ದು.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಕೌನ್ಸೆಲಿಂಗ್‌ನಲ್ಲಿ ನಾವು ಹೆಚ್ಚಾಗಿ ಮೊದಲ ಸಾಲಿನ ಜೊತೆಗೇ ಗುದ್ದಾಡುತ್ತೇವೆ. ಆ ಆಪ್ ತೆಗಿ, ಅವಳನ್ನು ಅನ್‌ಫಾಲೋ ಮಾಡು ಅಂತ. ನಟಿಯರನ್ನು, ಮಾಡೆಲ್‌ಗಳನ್ನು ಅನ್‌ಫಾಲೋ ಮಾಡಿಸಬಹುದು, ಪಕ್ಕದ ಬೆಂಚಿನವಳನ್ನು ಹೇಗೆ ಮಾಡಿಸುತ್ತೀರಿ? ಮನಶ್ಶಾಸ್ತ್ರಜ್ಞ ಲಿಯಾನ್ ಫೆಸ್ಟಿಂಗರ್ 1954ರಲ್ಲೇ ಹೇಳಿದ್ದು ಇದು: ಅಳೆಯೋಕೆ ಬೇರೆ ಅಳತೆಗೋಲು ಇಲ್ಲದಿದ್ದಾಗ ಮನುಷ್ಯ ಇನ್ನೊಬ್ಬರ ಪಕ್ಕದಲ್ಲಿ ನಿಂತು ತನ್ನನ್ನು ಅಳೆದುಕೊಳ್ಳುತ್ತಾನೆ, ಅದರಲ್ಲೂ ತನ್ನಂಥವರ ಪಕ್ಕದಲ್ಲಿ. ಎತ್ತರಕ್ಕೆ ಟೇಪ್ ಇದೆ, ಚೆಂದಕ್ಕೆ ಎಲ್ಲಿದೆ? ನಾನು ನೋಡಿದ ಹುಡುಗಿಯರಲ್ಲಿ ನಟಿಯ ಫೋಟೋಗಿಂತ ಜಾಸ್ತಿ ಚುಚ್ಚಿದ್ದು ಗೆಳತಿಯ ಫೋಟೋ.

ಹಾಗಾಗಿ ಕತ್ತರಿ ಹಾಕಬೇಕಾದ್ದು ಎರಡನೇ, ಮೂರನೇ ಸಾಲಿಗೆ. ಗೆಳತಿಯ ಫೋಟೋದಿಂದ ತನ್ನ ಗ್ಯಾಲರಿಗೆ, ಅಲ್ಲಿಂದ ಕ್ಯಾಮೆರಾಗೆ, ಅಲ್ಲಿಂದ ಚರ್ಮ ಹಿಂಡೋದಕ್ಕೆ. ಹೀಗೆ ಮೈಯನ್ನು ಮತ್ತೆ ಮತ್ತೆ ತಪಾಸಣೆ ಮಾಡೋದು ಸಮಾಧಾನಕ್ಕೆ ಅಂತ ಶುರುವಾಗುತ್ತದೆ, ಬೇಸರ ಹೆಚ್ಚಿಸಿ ಮುಗಿಯುತ್ತದೆ. ಒಂದೇ ಜಾಗವನ್ನು ಅಷ್ಟು ಹೊತ್ತು ನೋಡಿದರೆ ಯಾವುದೂ ಸರಿ ಕಾಣಲ್ಲ.

ನಾವು ಒಂದು ವಾರದ ಪ್ರಯೋಗ ಅಂತ ಇಟ್ಟುಕೊಂಡೆವು. ನಿಯಮ ಅಂತ ಹೇಳಲಿಲ್ಲ. ಫೋಟೋ ನೋಡಿ ಚುಳ್ ಅಂದ ತಕ್ಷಣ ಬೇಸರಕ್ಕೆ 0ಯಿಂದ 10ರೊಳಗೆ ಒಂದು ಅಂಕಿ ಬರೆಯೋದು. ಗ್ಯಾಲರಿಗೂ ಕನ್ನಡಿಗೂ ಹೋಗದೆ 20 ನಿಮಿಷ ಬಿಟ್ಟು ಇನ್ನೊಂದು ಅಂಕಿ. ಮುಂದಿನ ವಾರ ಹಾಳೆ ತಂದಳು. ಏಳು ದಿನದಲ್ಲಿ ನಾಲ್ಕು ದಿನ ಆಗಿತ್ತು, ಮೂರು ದಿನ ಗ್ಯಾಲರಿಗೆ ಹೋಗಿಬಿಟ್ಟಿದ್ದಳು. ಆ ಮೂರು ದಿನಕ್ಕೆ ಬೈಯಬಾರದು, ಅವೇ ನಮಗೆ ಬೇಕಾದ್ದು. ಹೋಗದ ದಿನ 8 ಇದ್ದದ್ದು 4ಕ್ಕೆ, 5ಕ್ಕೆ ಇಳಿದಿತ್ತು. ಹೋದ ದಿನ 8 ಹಾಗೇ ಇತ್ತು, ಒಂದು ದಿನ 9 ಆಗಿತ್ತು. ನಾನೇನೂ ಹೇಳಲಿಲ್ಲ. "ನೋಡಿದ್ರೆ ಜಾಸ್ತಿ ಆಗುತ್ತೆ ಮಿಸ್" ಅಂತ ಅವಳೇ ಅಂದಳು. ಎಲ್ಲರಿಗೂ ಅಂಕಿ ಹೀಗೇ ಇಳಿಯುತ್ತದೆ ಅಂತಲ್ಲ. ಇಳಿಯದಿದ್ದರೆ ಸರಪಳಿಯಲ್ಲಿ ನಾವು ಕಾಣದ ಇನ್ನೊಂದು ಸಾಲಿದೆ ಅಂತ ಅರ್ಥ, ಹೆಚ್ಚಾಗಿ ಮನೆಯಲ್ಲಿ ಯಾರೋ ಆಡಿದ ಮಾತು.

ಅವಳು ತೆಗೆದ ಆ ಸೆಲ್ಫಿಗಳ ಬಗ್ಗೆ ಒಂದು ಮಾತು. ಇದನ್ನು ಬಾಯಲ್ಲಿ ಹೇಳಬೇಡಿ, ಮಾಡಿ ತೋರಿಸಿ. ಅವಳ ಮುಖ ಬೇಡ, ನಿಮ್ಮದೇ ಮುಖ. ಫೋನನ್ನು ಒಂದಡಿ ದೂರದಲ್ಲಿ ಹಿಡಿದು ಒಂದು ಫೋಟೋ, ಐದಡಿ ದೂರದಿಂದ ಇನ್ನೊಂದು. ಎರಡರಲ್ಲೂ ಮುಖ ಒಂದೇ ಅಳತೆಗೆ ಬರುವ ಹಾಗೆ ಕತ್ತರಿಸಿ ಪಕ್ಕಪಕ್ಕ ಇಡಿ. ಮೊದಲನೆಯದರಲ್ಲಿ ಮೂಗು ಊದಿಕೊಂಡಿರುತ್ತದೆ, ಕಿವಿ ಹಿಂದೆ ಸರಿದಿರುತ್ತದೆ. ಒಂದಡಿ ದೂರದ ಸೆಲ್ಫಿಯಲ್ಲಿ ಮೂಗು ಸುಮಾರು 30% ಅಗಲ ಕಾಣುತ್ತದೆ ಅಂತ 2018ರಲ್ಲಿ ವೈದ್ಯರ ತಂಡವೊಂದು ಲೆಕ್ಕ ಹಾಕಿ ತೋರಿಸಿತ್ತು. ಲೆನ್ಸ್‌ಗೆ ಹತ್ತಿರ ಇದ್ದದ್ದು ದೊಡ್ಡದಾಗಿ ಕಾಣುತ್ತದೆ, ಅಷ್ಟೇ. ಫೋನ್ ಹಿಡಿದ ತೋಳು ಲೆನ್ಸ್‌ಗೆ ಎಷ್ಟು ಹತ್ತಿರ ಇರುತ್ತದೆ ನೋಡಿ! ನನ್ನ ಮೂಗು ನೋಡಿ ಆ ಹುಡುಗಿ ನಕ್ಕಳು. ಆಮೇಲೆ ತನ್ನ ಫೋನನ್ನು ಮಗುಚಿಟ್ಟಳು. ಇದು ಫಿಲ್ಟರ್ ಪಾಠದ ಹಾಗಲ್ಲ. ಅದು ಬೇರೆಯವರ ಫೋಟೋ ಸುಳ್ಳು ಅನ್ನುತ್ತದೆ, ಇದು ಅವಳು ಸಾಕ್ಷಿ ಅಂತ ನಂಬಿದ್ದ ತನ್ನ ಫೋಟೋವನ್ನೇ ಪ್ರಶ್ನಿಸುತ್ತದೆ. ಒಂದೇ ಸಲ ಮಾಡಿ, ಪದೇ ಪದೇ ಮಾಡಿದರೆ ಅದೂ ತಪಾಸಣೆಯೇ.

ಮೈ ಬೆಳೆಯುವ ಸಂಗತಿಯನ್ನೂ ಸೇರಿಸಿಕೊಳ್ಳಿ. ಒಂದೇ ತರಗತಿಯ ಇಬ್ಬರು ಹುಡುಗಿಯರು ವಯಸ್ಸಲ್ಲಿ ಒಂದೇ ಇದ್ದರೂ ಬೆಳವಣಿಗೆಯಲ್ಲಿ ಎರಡು ಮೂರು ವರ್ಷ ಹಿಂದೆ ಮುಂದೆ ಇರಬಹುದು. ಹುಡುಗಿಯರಿಗೆ ಈ ವಯಸ್ಸಲ್ಲಿ ಸೊಂಟ, ತೊಡೆ, ತೋಳಿನಲ್ಲಿ ಕೊಬ್ಬು ಸೇರೋದು ಸಹಜ. ಸರಿಯಾಗಿ ಮುಟ್ಟಾಗೋದಕ್ಕೂ ಅದು ಬೇಕು. ಆದರೆ ಇದನ್ನು ಜೀವಶಾಸ್ತ್ರದ ಕ್ಲಾಸ್ ಮಾಡಬೇಡಿ, ಎರಡು ವಾಕ್ಯ ಸಾಕು.

ಮೂರನೇ ಸೆಷನ್‌ಗೆ ಒಂದು ಆಟ ಇದೆ, ನನಗೆ ಬಹಳ ಇಷ್ಟ. ನೀವು 11 ವರ್ಷದ ತಂಗಿ ಆಗಿ. "ಅಕ್ಕಾ, ಆ ಹುಡುಗಿ ಥರ ತೋಳು ಬೇಕು ಅಂದ್ರೆ ನಾನು ಊಟ ಬಿಡಬೇಕಾ?" ಅಂತ ಕೇಳಿ. ಅವಳು ಉತ್ತರ ಕೊಡಲಿ. ನೀವು ಸುಲಭಕ್ಕೆ ಒಪ್ಪಬೇಡಿ: "ಆದರೆ ಅವಳಿಗೆ ಎಷ್ಟು ಲೈಕ್ ಬಂತು ನೋಡಕ್ಕಾ", "ನೀನೂ ತಿಂಡಿ ತಿನ್ನಲ್ವಲ್ಲ". ಅವಳು ವಾದ ಮಾಡಬೇಕು, ಸ್ವಲ್ಪ ಸಿಟ್ಟೂ ಬರಬೇಕು. ಎರಿಕ್ ಸ್ಟೈಸ್ ಎಂಬ ಮನಶ್ಶಾಸ್ತ್ರಜ್ಞ ಮತ್ತು ಅವರ ಜೊತೆಗಾರರು ರೂಪಿಸಿದ 'ಬಾಡಿ ಪ್ರಾಜೆಕ್ಟ್' ನಿಂತಿರೋದು ಈ ತತ್ವದ ಮೇಲೆ. ತೆಳ್ಳಗಿದ್ದರೇ ಚೆಂದ ಅನ್ನೋದರ ವಿರುದ್ಧ ಹುಡುಗಿಯರೇ ತಮ್ಮ ಬಾಯಿಂದ ಮಾತಾಡುತ್ತಾರೆ. ಆಡಿದ ಮಾತಿಗೂ ಒಳಗಿನ ನಂಬಿಕೆಗೂ ತಾಳೆ ಬೀಳದಿದ್ದಾಗ ನಂಬಿಕೆ ಸಡಿಲವಾಗುತ್ತದೆ. ಇದೇ ಮಾತನ್ನು ನೀವು ಹೇಳಿಕೊಟ್ಟು ಅವಳಿಂದ ಒಪ್ಪಿಸಿದರೆ ಏನೂ ಆಗಲ್ಲ. ಅವಳು ತಡವರಿಸಿದರೆ ಕಾಯಿರಿ. ನಮ್ಮವಳು ಕೊನೆಗೆ ಅಂದದ್ದು, "ಲೈಕ್ ಕೊಟ್ಟೋರು ಯಾರೂ ನಿನ್ನ ತೋಳು ನೆನಪಿಟ್ಟುಕೊಳ್ಳಲ್ಲ ಕಣೇ, ನಾನೂ ನಿನ್ನೆ ಹತ್ತು ಜನಕ್ಕೆ ಲೈಕ್ ಕೊಟ್ಟೆ, ಯಾರ ತೋಳೂ ನೆನಪಿಲ್ಲ." ನಾನು ಹತ್ತು ವರ್ಷ ಯೋಚಿಸಿದರೂ ಹೊಳೆಯದ ಮಾತು!

ಮಾಡಬಾರದ್ದು ಹೆಚ್ಚಿಲ್ಲ. ತೂಕ ನೋಡಬೇಡಿ. "ಸಣ್ಣ ಆಗಿದ್ದೀಯ, ಚೆನ್ನಾಗಿದೆ" ಅಂತ ಬಾಯಿತಪ್ಪಿಯೂ ಹೇಳಬೇಡಿ. ಗುಂಪಿನಲ್ಲಿ ಕೂರಿಸಿದಾಗ ಯಾರು ಹೇಗೆ ತೂಕ ಇಳಿಸಿದರು ಅನ್ನೋ ವಿವರಕ್ಕೆ ಬಿಡಬೇಡಿ, ಅದು ಉಳಿದವರಿಗೆ ಪಾಠವಾಗಿಬಿಡುತ್ತದೆ. ನಿಮ್ಮ ಮೈ ಬಗ್ಗೆ ನೀವೇ ತಮಾಷೆ ಮಾಡಿಕೊಳ್ಳೋದೂ ಬೇಡ. (ನನ್ನ ಮೂಗಿನ ಫೋಟೋಗೆ ನಾನೂ ನಕ್ಕೆ, ಆದರೆ ನಕ್ಕಿದ್ದು ಲೆನ್ಸ್‌ಗೆ.)

ಒಂದು ಗೆರೆಯ ಆಚೆಗೆ ಇದು ಮಾತಿನಲ್ಲಿ ಮುಗಿಯೋದಲ್ಲ. ತಿಂಡಿ ಬಿಡೋದು ದಿನಾ ಆಗಿದ್ದರೆ, ಊಟ ಆದ ಕೂಡಲೇ ಬಾತ್‌ರೂಮಿಗೆ ಹೋಗೋದು ಇದ್ದರೆ, ತಲೆ ಸುತ್ತಿ ಬೀಳುತ್ತಿದ್ದರೆ, ಆಗುತ್ತಿದ್ದ ಮುಟ್ಟು ನಿಂತಿದ್ದರೆ, ತೂಕ ಬೇಗ ಇಳಿದಿದ್ದರೆ ವೈದ್ಯರು ನೋಡಲೇಬೇಕು. ಅವಳು ನೋಡೋಕೆ ತೆಳ್ಳಗಿಲ್ಲ ಅಂತ ಸುಮ್ಮನಿರಬೇಡಿ, ಯಾವ ಮೈಕಟ್ಟಿನವರಿಗೂ ಊಟ-ತಿಂಡಿಗೆ ಸಂಬಂಧಿಸಿದ ಈ ಕಾಯಿಲೆ ಬರಬಹುದು. ಇಲ್ಲದ ಅಥವಾ ಕಂಡೂ ಕಾಣದ ಒಂದು ಕುಂದಿನ ಬಗ್ಗೆ ದಿನಕ್ಕೆ ಗಂಟೆಗಟ್ಟಲೆ ಯೋಚಿಸಿ ಶಾಲೆಯನ್ನೇ ತಪ್ಪಿಸುತ್ತಿದ್ದರೆ ಮನೋವೈದ್ಯರ ಹತ್ತಿರ ಕಳಿಸಿ. ತನ್ನನ್ನು ತಾನು ನೋಯಿಸಿಕೊಳ್ಳೋ ಯೋಚನೆ ಬರುತ್ತಾ ಅಂತ ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದು ಅಂದರೆ ಅವತ್ತೇ ಮನೆಯವರಿಗೆ ಹೇಳಬೇಕು, ಅವಳನ್ನು ಒಬ್ಬಳೇ ಬಿಡಬಾರದು.

ಮನೆಗೆ ಫೋನ್ ಮಾಡುವ ಮೊದಲು ಅವಳಿಗೆ ತಿಳಿಸಿ. "ನಿಮ್ಮಮ್ಮನಿಗೆ ಇಷ್ಟು ಹೇಳ್ತೀನಿ, ಇದನ್ನು ಹೇಳಲ್ಲ, ನೀನು ಪಕ್ಕದಲ್ಲೇ ಇರು" ಅನ್ನಿ. ನಮ್ಮವಳ ತಾಯಿಗೆ ನಾನು ಹೇಳಿದ್ದು ಒಂದೇ: ತೋಳಿನ ಬಗ್ಗೆ ಹೊಗಳೋದೂ ಬೇಡ, ತೆಗಳೋದೂ ಬೇಡ, ಬೆಳಿಗ್ಗೆ ತಿಂಡಿಗೆ ಜೊತೆಗೆ ಕೂತುಕೊಳ್ಳಿ. ಆಯಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾನೂ ತಿನ್ನಲ್ಲ ಮೇಡಂ, ಡಯಟ್ ಮಾಡ್ತಿದ್ದೀನಿ" ಅಂದರು.
— ಸಂ.